ಹಾಕುವವರೊಬ್ಬರು, ತೆಗೆಯುವವರೊಬ್ಬರು

1981ರಲ್ಲಿ ಬಂದ ಐಬಿಎಂ ಪಿಸಿ ಬೇರೆ ಕೆಲಸದಲ್ಲಿ ಮುಳುಗಿರುವಾಗ ಯಾರಾದರೂ ಕೀಲಿ ಒತ್ತುತ್ತಾ ಹೋದರೆ ಪರದೆಯ ಮೇಲೆ ಏನೂ ಕಾಣುತ್ತಿರಲಿಲ್ಲ. ಆದರೆ ಕೆಲಸ ಮುಗಿದ ಕೂಡಲೇ ಆ ಅಕ್ಷರಗಳೆಲ್ಲ ಒತ್ತಿದ ಕ್ರಮದಲ್ಲೇ ಬಂದು ಬೀಳುತ್ತಿದ್ದವು. 15 ಕೀಲಿಗಳವರೆಗೆ ಹೀಗೆ ನಡೆಯುತ್ತಿತ್ತು. 16ನೆಯದಕ್ಕೆ ಪೆಟ್ಟಿಗೆಯೊಳಗಿಂದ ‘ಬೀಪ್’ ಎಂಬ ಸದ್ದು ಬರುತ್ತಿತ್ತು, ಆ ಕೀಲಿ ಕಳೆದುಹೋಗುತ್ತಿತ್ತು. ಕೀಲಿಗಳಿಗೆಂದು ಮೆಮೊರಿಯಲ್ಲಿ ತೆಗೆದಿಟ್ಟಿದ್ದ ಜಾಗದಲ್ಲಿ 16 ಮನೆಗಳಿದ್ದವು. ಆದರೂ ಒಂದನ್ನು ಬೇಕೆಂದೇ ಖಾಲಿ ಬಿಡಲಾಗುತ್ತಿತ್ತು.

ಆ ಜಾಗಕ್ಕೆ ರಿಂಗ್ ಬಫರ್ ಎನ್ನುತ್ತಾರೆ. ಯಂತ್ರಾಂಶದ ಕರೆಗೆ ತಕ್ಷಣ ಓಗೊಡುವ ಒಂದು ಪುಟ್ಟ ಫಂಕ್ಷನ್ ಮತ್ತು ನಿಧಾನವಾಗಿ ತನ್ನ ಕೆಲಸ ಮಾಡಿಕೊಂಡಿರುವ ಮುಖ್ಯ ಪ್ರೋಗ್ರಾಂ, ಇವೆರಡರ ನಡುವೆ ಮಾಹಿತಿ ದಾಟಿಸಲು ಇಂದಿಗೂ ಬಳಕೆಯಲ್ಲಿರುವ ವಿಧಾನ ಇದೇ. ಇಪ್ಪತ್ತು ಸಾಲಿನೊಳಗೆ ಬರೆದು ಮುಗಿಸಬಹುದಾದಷ್ಟು ಚಿಕ್ಕದು. ಆದರೆ ಆ ಸಾಲುಗಳ ಕ್ರಮವನ್ನು ಸ್ವಲ್ಪ ಅದಲುಬದಲು ಮಾಡಿದರೂ ವಾರಕ್ಕೊಮ್ಮೆ ಮಾತ್ರ ತಲೆ ಹಾಕುವ, ಹುಡುಕಲು ಹೋದರೆ ಮಾಯವಾಗುವ ದೋಷ ಹುಟ್ಟುತ್ತದೆ. ಒಂದು ನಿಜವಾದ ಜೋಡಣೆಯನ್ನು ಎದುರಿಗಿಟ್ಟುಕೊಂಡು ಇದನ್ನು ಬಿಡಿಸಿ ನೋಡೋಣ.

ಜಿಪಿಎಸ್ ಕಾಯುವುದಿಲ್ಲ

ನಮ್ಮ ಜೋಡಣೆಯಲ್ಲಿ ಮೂರು ವಸ್ತುಗಳಿವೆ: ಆರ್ಡುಯಿನೊ ಉನೊ ಬೋರ್ಡ್, ಒಂದು ಜಿಪಿಎಸ್ ಮಾಡ್ಯೂಲ್, ದಾಖಲೆ ಉಳಿಸಿಡಲು ಒಂದು ಎಸ್‌ಡಿ ಕಾರ್ಡ್. ವಾಹನ ಹೋದ ದಾರಿಯನ್ನೆಲ್ಲ ಬರೆದಿಡುವ ಸಾಧನ ಇದು. ಉನೊದಲ್ಲಿರುವುದು ಎಟಿಮೆಗಾ 328ಪಿ ಎಂಬ 8 ಬಿಟ್ ಚಿಪ್. ಅದರ ಗಡಿಯಾರ ಸೆಕೆಂಡಿಗೆ 1 ಕೋಟಿ 60 ಲಕ್ಷ ಸಲ ಮಿಡಿಯುತ್ತದೆ, ಆದರೆ ಅದರ ರ್‍ಯಾಮ್ ಬರೀ 2,048 ಬೈಟ್.

ಇಂಥ ಜಿಪಿಎಸ್ ಮಾಡ್ಯೂಲುಗಳು ಸಾಮಾನ್ಯವಾಗಿ ಸೆಕೆಂಡಿಗೆ 9,600 ಬಿಟ್ ವೇಗದಲ್ಲಿ, ಸೆಕೆಂಡಿಗೊಮ್ಮೆ, ತಾವಿರುವ ಜಾಗ ಮತ್ತು ಸಮಯವನ್ನು ಅಕ್ಷರಗಳ ಸಾಲುಗಳಾಗಿ ಕಳಿಸುತ್ತವೆ. ಒಂದು ಅಕ್ಷರಕ್ಕೆ ಆರಂಭದ ಬಿಟ್, 8 ಮಾಹಿತಿ ಬಿಟ್, ಕೊನೆಯ ಬಿಟ್ ಸೇರಿ 10 ಬಿಟ್ ಬೇಕು. ಅಂದರೆ ಸೆಕೆಂಡಿಗೆ ಹೆಚ್ಚೆಂದರೆ 960 ಅಕ್ಷರ, ಸರಿಸುಮಾರು ಒಂದು ಮಿಲಿಸೆಕೆಂಡಿಗೆ ಒಂದು. ಮಾಡ್ಯೂಲ್ ಇದನ್ನು ಕಳಿಸುವ ಮುನ್ನ ನಮ್ಮನ್ನು ಕೇಳುವುದಿಲ್ಲ, ನಾವು ತೆಗೆದುಕೊಂಡೆವೋ ಇಲ್ಲವೋ ಎಂದು ನೋಡುವುದೂ ಇಲ್ಲ.

ಚಿಪ್‌ನ ಸೀರಿಯಲ್ ಭಾಗದಲ್ಲಿ ಬಂದ ಅಕ್ಷರಗಳನ್ನು ಹಿಡಿದಿಡಲು ಎರಡೇ ಮನೆಗಳಿವೆ. ಮೂರನೆಯ ಅಕ್ಷರ ಒಳಬರುವ ದಾರಿಯಲ್ಲೇ ನಿಂತಿರಬಹುದು. ನಾಲ್ಕನೆಯದು ಶುರುವಾಗುವ ಹೊತ್ತಿಗೂ ಯಾರೂ ಓದದಿದ್ದರೆ ಅಕ್ಷರ ನಷ್ಟವಾಗುತ್ತದೆ. ಮೊದಲನೆಯ ಅಕ್ಷರ ಬಂದಾಗಿನಿಂದ ಲೆಕ್ಕ ಹಾಕಿದರೆ ನಮಗೆ ಸಿಗುವ ಬಿಡುವು ಸುಮಾರು 2 ಮಿಲಿಸೆಕೆಂಡು.

ಇತ್ತ ಎಸ್‌ಡಿ ಕಾರ್ಡಿನ ಸ್ವಭಾವವೇ ಬೇರೆ. ಬಹುಪಾಲು ಸಲ ಅದು ಬೇಗ ಬರೆದು ಮುಗಿಸುತ್ತದೆ. ಆದರೆ ನಡುನಡುವೆ ಒಳಗಿನ ಫ್ಲ್ಯಾಶ್ ಮೆಮೊರಿಯ ಒಂದು ಭಾಗವನ್ನು ಅಳಿಸಿ ಸರಿಪಡಿಸಿಕೊಳ್ಳುವಾಗ ‘ತಡೆಯಿರಿ’ ಎಂದು ಕುಳಿತುಬಿಡುತ್ತದೆ. ಸಾಮಾನ್ಯ ಎಸ್‌ಡಿ ಮತ್ತು ಎಸ್‌ಡಿಎಚ್‌ಸಿ ಕಾರ್ಡುಗಳಿಗೆ ಹೀಗೆ 250 ಮಿಲಿಸೆಕೆಂಡಿನವರೆಗೆ ಕಾಯಬೇಕಾಗಬಹುದು ಎಂದು ನಿಯಮಾವಳಿಯೇ ಹೇಳುತ್ತದೆ. ಒಂದು ಕಡೆ 2 ಮಿಲಿಸೆಕೆಂಡಿನ ಬಿಡುವು, ಇನ್ನೊಂದು ಕಡೆ 250 ಮಿಲಿಸೆಕೆಂಡಿನ ಕಾಯುವಿಕೆ. ಈ ಅಂತರವನ್ನು ತುಂಬುವುದೇ ರಿಂಗ್ ಬಫರಿನ ಕೆಲಸ.

ಇಂಟರಪ್ಟ್ ಎಂಬ ನಡುಪ್ರವೇಶ

ಅಕ್ಷರ ಬಂದ ಕೂಡಲೇ ಸೀರಿಯಲ್ ಭಾಗ ಚಿಪ್‌ಗೆ ಒಂದು ಸಂಕೇತ ಕೊಡುತ್ತದೆ. ಚಿಪ್ ಆಗ ಮಾಡುತ್ತಿದ್ದ ಸೂಚನೆಯನ್ನು ಮುಗಿಸಿ, ಇದ್ದ ಜಾಗವನ್ನು ಗುರುತಿಟ್ಟುಕೊಂಡು, ನಾವು ಬರೆದಿಟ್ಟ ಪುಟ್ಟ ಫಂಕ್ಷನ್‌ಗೆ ಹಾರುತ್ತದೆ. ಅದು ಮುಗಿದ ಮೇಲೆ ಬಿಟ್ಟ ಜಾಗಕ್ಕೇ ಮರಳುತ್ತದೆ. ಈ ಸಂಕೇತವೇ ಇಂಟರಪ್ಟ್, ಆ ಫಂಕ್ಷನ್ ಇಂಟರಪ್ಟ್ ಹ್ಯಾಂಡ್ಲರ್. ಜಿಪಿಎಸ್ ಸಾಲು ಓದಿ, ಪರೀಕ್ಷಿಸಿ, ಕಾರ್ಡಿಗೆ ಬರೆಯುವ ಕೆಲಸವನ್ನು ಸುತ್ತುಸುತ್ತಾಗಿ ಮಾಡುತ್ತಲೇ ಇರುವ ಭಾಗ ಮೇನ್ ಲೂಪ್.

ಕಾರ್ಡಿಗೆ ಬರೆಯುವುದನ್ನೂ ಹ್ಯಾಂಡ್ಲರಿನೊಳಗೇ ಮಾಡಿಬಿಟ್ಟರೆ ಕೆಲಸ ಕೆಡುತ್ತದೆ. ಎಟಿಮೆಗಾದಲ್ಲಿ ಒಂದು ಹ್ಯಾಂಡ್ಲರ್ ನಡೆಯುತ್ತಿರುವಾಗ ಉಳಿದ ಇಂಟರಪ್ಟುಗಳು ತಾವಾಗಿಯೇ ತಡೆಹಿಡಿಯಲ್ಪಡುತ್ತವೆ. ಹ್ಯಾಂಡ್ಲರ್ 250 ಮಿಲಿಸೆಕೆಂಡು ಒಳಗೇ ಉಳಿದರೆ ಅಷ್ಟು ಹೊತ್ತು ಬಂದ ಅಕ್ಷರಗಳು ಹೋದಂತೆಯೇ. ಹಾಗಾಗಿ ಹ್ಯಾಂಡ್ಲರ್ ಅಕ್ಷರವನ್ನು ಎತ್ತಿ ಒಂದು ಕಡೆ ಇಟ್ಟು ಹಿಂತಿರುಗಬೇಕು, ಅಷ್ಟೇ.

ತೊಂದರೆ ಹುಟ್ಟುವುದು ಆ ‘ಒಂದು ಕಡೆ’ಯಲ್ಲಿ. ಅದನ್ನು ಇಬ್ಬರೂ ಮುಟ್ಟುತ್ತಾರೆ. ಮೇನ್ ಲೂಪಿಗೆ ತಾನು ಯಾವ ಕ್ಷಣದಲ್ಲಿ ತಡೆಯಲ್ಪಟ್ಟೆ ಎಂಬುದು ತಿಳಿಯುವುದೇ ಇಲ್ಲ. ನಮ್ಮ ಕಣ್ಣಿಗೆ ಒಂದೇ ಸಾಲಾಗಿ ಕಾಣುವ ಸಿ ಭಾಷೆಯ ಹೇಳಿಕೆ ಚಿಪ್‌ಗೆ ಮೂರ್ನಾಲ್ಕು ಸೂಚನೆಗಳಾಗಿರುತ್ತದೆ, ಯಾವ ಎರಡು ಸೂಚನೆಗಳ ನಡುವೆ ಬೇಕಾದರೂ ಹ್ಯಾಂಡ್ಲರ್ ನುಗ್ಗಿ ಹೋಗಬಹುದು.

ಎಣಿಕೆಯ ಚೀಟಿ ತಪ್ಪುವುದು ಹೀಗೆ

ವೃತ್ತಾಕಾರವಾಗಿ ಇಟ್ಟ ಒಂದಷ್ಟು ಕುಡಿಕೆಗಳನ್ನು ಊಹಿಸಿಕೊಳ್ಳಿ. ಒಬ್ಬರು ಒಂದೊಂದೇ ಕುಡಿಕೆಯನ್ನು ತುಂಬುತ್ತಾ ಮುಂದೆ ಸರಿಯುತ್ತಾರೆ, ಇನ್ನೊಬ್ಬರು ಹಿಂದಿನಿಂದ ಖಾಲಿ ಮಾಡುತ್ತಾ ಬರುತ್ತಾರೆ. ಕೊನೆಯ ಕುಡಿಕೆಯ ನಂತರ ಮತ್ತೆ ಮೊದಲನೆಯದು. ತುಂಬುವವರು ಮುಂದೆ ತುಂಬಬೇಕಾದ ಕುಡಿಕೆಯ ಸಂಖ್ಯೆ `head`, ತೆಗೆಯುವವರು ಮುಂದೆ ತೆಗೆಯಬೇಕಾದ ಕುಡಿಕೆಯ ಸಂಖ್ಯೆ `tail`. ಎರಡೂ ಒಂದೇ ಆದರೆ ಏನೂ ಬಾಕಿ ಇಲ್ಲವೆಂದರ್ಥ.

ಇದನ್ನು ಮೊದಲ ಸಲ ಬರೆಯುವ ಬಹಳಷ್ಟು ಜನ ಇದರ ಜೊತೆಗೆ `count` ಎಂಬ ಎಣಿಕೆಯನ್ನೂ ಇಡುತ್ತಾರೆ. ಹ್ಯಾಂಡ್ಲರ್ ಅದಕ್ಕೆ ಒಂದು ಕೂಡುತ್ತದೆ, ಮೇನ್ ಲೂಪ್ ಒಂದು ಕಳೆಯುತ್ತದೆ. ಓದಲು ಸರಳ, ಆದರೆ ದೋಷ ಕೂತಿರುವುದು ಇಲ್ಲೇ. ಮೇನ್ ಲೂಪ್ ಒಂದು ಕಳೆಯುವುದೆಂದರೆ ಮೂರು ಹೆಜ್ಜೆ: ಮೆಮೊರಿಯಿಂದ ಸಂಖ್ಯೆಯನ್ನು ತರುವುದು, ಕಳೆಯುವುದು, ವಾಪಸ್ ಇಡುವುದು. ಅದು 5 ಎಂದು ಓದಿಕೊಂಡಿತು ಎನ್ನಿ. ಅಷ್ಟರಲ್ಲಿ ಅಕ್ಷರ ಬಂತು, ಹ್ಯಾಂಡ್ಲರ್ 5ನ್ನು 6 ಮಾಡಿ ಹೋಯಿತು. ಮೇನ್ ಲೂಪ್ ಮರಳಿ ಬಂದು ತನ್ನ ಕೈಯಲ್ಲಿದ್ದ 5ರಿಂದ ಒಂದು ಕಳೆದು 4 ಎಂದು ಬರೆಯಿತು. ನಿಜವಾಗಿ ಉಳಿದಿರುವುದು 5.

ಹ್ಯಾಂಡ್ಲರನ್ನು ಮೇನ್ ಲೂಪ್ ತಡೆಯಲಾರದು, ಮೇನ್ ಲೂಪನ್ನು ಹ್ಯಾಂಡ್ಲರ್ ತಡೆಯಬಲ್ಲದು. ಆದ್ದರಿಂದ ತಪ್ಪು ಯಾವಾಗಲೂ ಒಂದೇ ದಿಕ್ಕಿಗೆ ಆಗುತ್ತದೆ: ಎಣಿಕೆ ವಾಸ್ತವಕ್ಕಿಂತ ಕಡಿಮೆಯಾಗುತ್ತದೆ, ಎಂದೂ ಹೆಚ್ಚಾಗುವುದಿಲ್ಲ. ಹೀಗಾದಾಗಲೆಲ್ಲ ಒಂದು ಅಕ್ಷರ ಬಫರಿನಲ್ಲೇ ಉಳಿಯುತ್ತದೆ, ಓದುವುದು ಅಷ್ಟು ಹಿಂದೆ ಬೀಳುತ್ತದೆ. ಸಾಧನ ಗಂಟೆಗಟ್ಟಲೆ ಓಡಿದ ಮೇಲೆ ದಾಖಲೆಯ ಸಮಯ ನಿಜ ಸಮಯಕ್ಕಿಂತ ಹಿಂದೆ ಉಳಿಯತೊಡಗುತ್ತದೆ. ಆಫ್ ಮಾಡಿ ಆನ್ ಮಾಡಿದರೆ ಸರಿಹೋಗುತ್ತದೆ. ಕೊನೆಗೆ ಬಫರ್ ನಿಜಕ್ಕೂ ತುಂಬಿದ್ದರೂ ಎಣಿಕೆ ‘ಇನ್ನೂ ಜಾಗ ಇದೆ’ ಎನ್ನುವುದರಿಂದ ಓದದ ಅಕ್ಷರಗಳ ಮೇಲೆಯೇ ಹೊಸವು ಬಂದು ಕೂರುತ್ತವೆ. ಈ ಲಕ್ಷಣ ಕಂಡಾಗ ಜಿಪಿಎಸ್ ಮಾಡ್ಯೂಲನ್ನು ಬದಲಿಸುವ ಮುನ್ನ ಇಬ್ಬರು ಬರೆಯುವ ಚಲಾಂಕ ಯಾವುದಾದರೂ ಇದೆಯೇ ಎಂದು ಹುಡುಕಬೇಕು.

ಪರಿಹಾರದ ಮೂಲ ನಿಯಮ ಇದರಿಂದಲೇ ಹೊರಡುತ್ತದೆ. `head`ಗೆ ಬರೆಯುವ ಹಕ್ಕು ಹ್ಯಾಂಡ್ಲರಿಗೆ ಮಾತ್ರ, `tail`ಗೆ ಬರೆಯುವ ಹಕ್ಕು ಮೇನ್ ಲೂಪಿಗೆ ಮಾತ್ರ. ಇನ್ನೊಬ್ಬರದನ್ನು ಓದಬಹುದು, ಬದಲಿಸುವಂತಿಲ್ಲ. ಎಣಿಕೆ ಬೇಕಾದರೆ ಅದನ್ನು ಎಲ್ಲೂ ಬರೆದಿಡದೆ ಎರಡರ ವ್ಯತ್ಯಾಸದಿಂದ ಆಗಾಗ ಕಂಡುಕೊಳ್ಳಬಹುದು.

ಎಣಿಕೆಯನ್ನು ಕೈಬಿಟ್ಟಾಗ ಒಂದು ಗೊಂದಲ ಉಳಿಯುತ್ತದೆ. ತುಂಬುವವರು ಪೂರ್ತಿ ಸುತ್ತಿ ಬಂದು ತೆಗೆಯುವವರನ್ನು ಹಿಡಿದರೂ `head` ಮತ್ತು `tail` ಒಂದೇ ಆಗುತ್ತವೆ, ಆಗ ತುಂಬಿದ ಬಫರ್ ಖಾಲಿಯಂತೆ ಕಾಣುತ್ತದೆ. ಆದ್ದರಿಂದ ಒಂದು ಮನೆಯನ್ನು ಯಾವಾಗಲೂ ಖಾಲಿ ಬಿಡುತ್ತಾರೆ. ಮುಂದಿನ ಹೆಜ್ಜೆ ಇಟ್ಟರೆ `tail` ಸಿಗುತ್ತದೆ ಎಂದಾದರೆ ‘ತುಂಬಿದೆ’ ಎಂದು ಅಲ್ಲೇ ನಿಲ್ಲುತ್ತಾರೆ. ಐಬಿಎಂ ಪಿಸಿಯ 16 ಮನೆಗಳಲ್ಲಿ 15 ಕೀಲಿ ಹಿಡಿಯುತ್ತಿದ್ದದ್ದು ಇದಕ್ಕೇ.

ಬರೆದು ನೋಡೋಣ

ಬಫರಿನ ಅಳತೆಯನ್ನು ನಮ್ಮ ಲೆಕ್ಕವೇ ಹೇಳುತ್ತದೆ. 250 ಮಿಲಿಸೆಕೆಂಡಿನಲ್ಲಿ ಬರುವ ಅಕ್ಷರಗಳು 240. ಬಫರ್ 256 ಮನೆಗಳದ್ದಾದರೆ 255 ಹಿಡಿಯುತ್ತದೆ. 256ಕ್ಕೆ ಇನ್ನೊಂದು ಅನುಕೂಲವಿದೆ: 8 ಬಿಟ್‌ನ ಸಂಖ್ಯೆ 255 ಆದ ಮೇಲೆ ತಾನಾಗಿಯೇ 0ಗೆ ಮರಳುತ್ತದೆ, ಸುತ್ತು ತಿರುಗಿಸಲು ಬೇರೆ ಲೆಕ್ಕ ಬೇಕಾಗುವುದಿಲ್ಲ. ಹ್ಯಾಂಡ್ಲರ್ ಹೀಗಿರುತ್ತದೆ:

```c
static volatile uint8_t buf[256];
static volatile uint8_t head, tail, lost;

ISR(USART_RX_vect)
{
    uint8_t c = UDR0;
    uint8_t next = head + 1;
    if (next != tail) {
        buf[head] = c;
        head = next;
    } else {
        lost = lost + 1;
    }
}
```

ಇದರಲ್ಲಿ ಎರಡು ಸಾಲುಗಳ ಕ್ರಮ ಬಹಳ ಮುಖ್ಯ. ಮೊದಲು ಅಕ್ಷರವನ್ನು ಮನೆಯಲ್ಲಿ ಇಡಬೇಕು, ಆಮೇಲೆ `head` ಸರಿಸಬೇಕು. `head` ಸರಿಸುವುದೆಂದರೆ ‘ಇದು ಸಿದ್ಧ, ತೆಗೆದುಕೊಳ್ಳಬಹುದು’ ಎಂದು ಸಾರಿದಂತೆ. ಮೇನ್ ಲೂಪ್ ತನ್ನ ಸರದಿಯಲ್ಲಿ ಇದೇ ಶಿಸ್ತನ್ನು ಪಾಲಿಸುತ್ತದೆ:

```c
int get(void)
{
    uint8_t t = tail;
    if (head == t)
        return -1;
    uint8_t c = buf[t];
    tail = t + 1;
    return c;
}
```

ಇಲ್ಲೂ ಮೊದಲು ಅಕ್ಷರವನ್ನು ಹೊರತೆಗೆದು, ಆಮೇಲೆ `tail` ಸರಿಸುತ್ತೇವೆ. `tail` ಸರಿಸಿದ ಕ್ಷಣವೇ ಆ ಮನೆಯನ್ನು ಹ್ಯಾಂಡ್ಲರಿಗೆ ಬಿಟ್ಟುಕೊಟ್ಟಂತೆ. ಹಾಗಾಗಿ ಮೊದಲೇ ಬಿಟ್ಟುಕೊಟ್ಟು ಆಮೇಲೆ ಓದಲು ಹೋಗಬಾರದು. ಈ ಫಂಕ್ಷನ್‌ನ ಯಾವ ಸಾಲಿನ ನಡುವೆ ಬೇಕಾದರೂ ಹ್ಯಾಂಡ್ಲರನ್ನು ಮನಸ್ಸಿನಲ್ಲೇ ನುಗ್ಗಿಸಿ ನೋಡಿ. `head` ಹೋಲಿಸಿದ ಮೇಲೆ ಹೊಸ ಅಕ್ಷರ ಬಂದರೆ ಅದು ಮುಂದಿನ ಸಲ ಕಾಣುತ್ತದೆ. `tail` ಸರಿಸುವ ಮೊದಲು ಬಂದರೆ ಜಾಗ ಇರುವುದಕ್ಕಿಂತ ಒಂದು ಕಡಿಮೆ ಎಂದು ಹ್ಯಾಂಡ್ಲರಿಗೆ ತೋರುತ್ತದೆ. ಎರಡೂ ಕಡೆ ಸಂಶಯ ಎಚ್ಚರಿಕೆಯ ಪಕ್ಕಕ್ಕೇ ವಾಲುತ್ತದೆ. ಓದದ ಅಕ್ಷರ ಅಳಿಸಿಹೋಗುವ ದಾರಿಯೇ ಇಲ್ಲ. ಇಂಟರಪ್ಟ್ ನಿಲ್ಲಿಸದೆಯೇ, ಬೀಗ ಹಾಕದೆಯೇ ಇದು ಸಾಧ್ಯವಾಗುತ್ತದೆ. ಈ ರಚನೆಯಲ್ಲಿ ನನಗೆ ಅತ್ಯಂತ ಸುಂದರವಾಗಿ ಕಾಣುವುದು ಇದೇ.

ಹ್ಯಾಂಡ್ಲರಿನ `next` ಎಂಬ ತಾತ್ಕಾಲಿಕ ಚಲಾಂಕ ಅನವಶ್ಯಕವೆಂದು ಅದನ್ನು ತೆಗೆದು `if (head + 1 != tail)` ಎಂದು ಬರೆಯಲು ಕೈ ತುಡಿಯಬಹುದು. ಹಾಗೆ ಮಾಡಬಾರದು. ಸಿ ಭಾಷೆ ಆ ಕೂಡುವಿಕೆಯನ್ನು 8 ಬಿಟ್‌ಗಿಂತ ದೊಡ್ಡ ಸಂಖ್ಯೆಯಾಗಿ ಮಾಡುತ್ತದೆ. `head` 255, `tail` 0 ಇದ್ದಾಗ ಉತ್ತರ 0 ಆಗದೆ 256 ಆಗುತ್ತದೆ, ಅದು 0ಗೆ ಸಮವಲ್ಲ, ಹಾಗಾಗಿ ‘ಜಾಗ ಇದೆ’ ಎಂದು ತೀರ್ಮಾನವಾಗುತ್ತದೆ. ನಂತರ `head` 0 ಆಗಿ `tail`ಗೆ ಸಮವಾದ ಕೂಡಲೇ, ಓದದೆ ಉಳಿದ 256 ಅಕ್ಷರಗಳೂ ಒಂದೇ ಏಟಿಗೆ ‘ಖಾಲಿ’ ಎಂದು ಕಾಣಿಸುತ್ತವೆ.

ಕಂಪೈಲರಿಗೆ ಗೊತ್ತಿಲ್ಲದ ಸಂಗತಿ

ಮೇಲಿನ ಘೋಷಣೆಗಳಲ್ಲಿ `volatile` ಎಂಬ ಪದವನ್ನು ನೀವು ಗಮನಿಸಿರಬಹುದು. ಕಂಪೈಲರ್ ಮೇನ್ ಲೂಪಿನ ಕೋಡನ್ನು ನೋಡುವಾಗ ಹ್ಯಾಂಡ್ಲರನ್ನು ಯಾರೂ ಕರೆಯುವುದು ಅದಕ್ಕೆ ಕಾಣುವುದಿಲ್ಲ, ಏಕೆಂದರೆ ಕರೆಯುವುದು ಯಂತ್ರಾಂಶ. ಹಾಗಾಗಿ ‘ಅಕ್ಷರ ಬರುವವರೆಗೆ ಕಾಯಿ’ ಎಂಬ ಸುತ್ತಿನಲ್ಲಿ `head`ನ ಬೆಲೆಯನ್ನು ಒಮ್ಮೆ ಮಾತ್ರ ಓದಿ, ರಿಜಿಸ್ಟರಿನಲ್ಲಿ ಇಟ್ಟುಕೊಂಡು, ಅದನ್ನೇ ಕೊನೆಯಿಲ್ಲದೆ ಹೋಲಿಸುವ ಕೋಡನ್ನು ಅದು ತಯಾರಿಸಬಹುದು. ಪರೀಕ್ಷೆಯ ಹಂತದಲ್ಲಿ ಕೋಡನ್ನು ಚುರುಕುಗೊಳಿಸದೆ ಓಡಿಸಿದಾಗ ಎಲ್ಲ ಸರಿಯಿದ್ದು, ಅಂತಿಮ ಕೋಡಿನಲ್ಲಿ ಮಾತ್ರ ಸಾಧನ ಕಲ್ಲಿನಂತೆ ಕುಳಿತುಬಿಟ್ಟರೆ ಮೊದಲ ಅನುಮಾನ ಇದರ ಮೇಲೆಯೇ ಇರಬೇಕು. ಪ್ರತಿ ಸಲವೂ ಮೆಮೊರಿಗೇ ಹೋಗಿ ನೋಡು ಎಂಬ ಆಜ್ಞೆಯೇ `volatile`.

ಬಫರಿಗೂ ಆ ಪದ ಹಾಕಿರುವುದಕ್ಕೆ ಕಾರಣವಿದೆ. `volatile` ಇರುವ ಎರಡು ಬರವಣಿಗೆಗಳ ಕ್ರಮವನ್ನು ಕಂಪೈಲರ್ ಅದಲುಬದಲು ಮಾಡುವುದಿಲ್ಲ. ಆದರೆ ಒಂದಕ್ಕೆ ಇದ್ದು ಇನ್ನೊಂದಕ್ಕೆ ಇಲ್ಲದಿದ್ದರೆ ಆ ಖಾತ್ರಿ ಇಲ್ಲ. ಬಫರನ್ನು ಹೊರಗೆ ಬಿಟ್ಟರೆ, ‘ಮೊದಲು ಅಕ್ಷರ, ಆಮೇಲೆ `head`’ ಎಂದು ನಾವು ಕಷ್ಟಪಟ್ಟು ಬರೆದ ಕ್ರಮವನ್ನು ಕಂಪೈಲರ್ ತನ್ನ ಅನುಕೂಲಕ್ಕೆ ತಿರುಗಿಸಬಹುದು.

ಆದರೆ `volatile` ಮಾಡಲಾಗದ ಕೆಲಸವೂ ಒಂದಿದೆ. ಬಫರ್ ಸಾಲದೆಂದು 512 ಮನೆ ಮಾಡಿದಿರಿ ಎನ್ನಿ. ಆಗ `head` 16 ಬಿಟ್‌ನದಾಗಬೇಕು. 8 ಬಿಟ್ ಚಿಪ್ ಅದನ್ನು ಎರಡು ತುಂಡಾಗಿ ಓದುತ್ತದೆ. `head` 255 ಇದ್ದಾಗ, ಅಂದರೆ `0x00FF`, ಮೇನ್ ಲೂಪ್ ಕೆಳಗಿನ ತುಂಡು `FF` ಓದಿತು. ಅಷ್ಟರಲ್ಲಿ ಅಕ್ಷರ ಬಂದು `head` 256, ಅಂದರೆ `0x0100` ಆಯಿತು. ಮೇನ್ ಲೂಪ್ ಈಗ ಮೇಲಿನ ತುಂಡು `01` ಓದಿತು. ಎರಡೂ ಸೇರಿ `0x01FF`, ಅಂದರೆ 511. ಎಂದೂ ಇಲ್ಲದ ಸಂಖ್ಯೆ! ಅದನ್ನು ನಂಬಿ ಅಲ್ಲಿಯವರೆಗೆ ಓದುತ್ತಾ ಹೋದರೆ ಹಿಂದಿನ ಸುತ್ತಿನ ಹಳಸಿದ ಅಕ್ಷರಗಳೆಲ್ಲ ಹೊಸವೆಂಬಂತೆ ಬರುತ್ತವೆ. ದಾಖಲೆಯಲ್ಲಿ ಇದ್ದಕ್ಕಿದ್ದಂತೆ ಹಿಂದಿನ ಸಾಲುಗಳು ಮರುಕಳಿಸಿದರೆ ಇದೇ ಕಾರಣ ಇರಬಹುದು. ಆ ಬಿರುಕು ಕೆಲವೇ ಗಡಿಯಾರ ಮಿಡಿತಗಳಷ್ಟು ಕಿರಿದು, ಅದಕ್ಕೇ ಇಷ್ಟು ಅಪರೂಪ. 16 ಬಿಟ್ ಬೇಕೇಬೇಕೆಂದಾದರೆ ಆ ಒಂದು ಓದನ್ನು, ಮತ್ತು `tail` ಬರೆಯುವುದನ್ನು, `ATOMIC_BLOCK(ATOMIC_RESTORESTATE)` ಒಳಗೆ ಇಟ್ಟು ಅಷ್ಟು ಹೊತ್ತು ಮಾತ್ರ ಇಂಟರಪ್ಟ್ ತಡೆಯಬೇಕು.

ಎಲ್ಲಿ ಕಳೆದುಹೋಯಿತು?

ಆರ್ಡುಯಿನೊ ಜೊತೆಗೇ ಬರುವ ಸೀರಿಯಲ್ ಕೋಡಿನಲ್ಲೂ ಇದೇ ಬಗೆಯ ರಿಂಗ್ ಬಫರ್ ಇದೆ. ಉನೊದಲ್ಲಿ ಅದಕ್ಕೆ 64 ಮನೆ, ಹಿಡಿಯುವುದು 63. ನಮ್ಮ ವೇಗದಲ್ಲಿ ಅದು ತುಂಬಲು ಸುಮಾರು 66 ಮಿಲಿಸೆಕೆಂಡು ಸಾಕು. ಕಾರ್ಡ್ 150 ಮಿಲಿಸೆಕೆಂಡು ತಡಮಾಡಿತು ಎನ್ನಿ. ಆ ಹೊತ್ತಿನಲ್ಲಿ 144 ಅಕ್ಷರ ಬರುತ್ತವೆ, ಮೊದಲ 63 ಉಳಿಯುತ್ತವೆ, ನಂತರದ 81 ಬಿದ್ದುಹೋಗುತ್ತವೆ. ಜಿಪಿಎಸ್ ಸಾಲಿನ ಗರಿಷ್ಠ ಉದ್ದ 82 ಅಕ್ಷರ. ಹಾಗಾಗಿ ಕಾರ್ಡಿನಲ್ಲಿ ಒಂದು ಸಾಲಿನ ತಲೆಗೆ ಇನ್ನೊಂದರ ಬಾಲ ಅಂಟಿದ ಸಾಲು ಸಿಗುತ್ತದೆ. ಪ್ರತಿ ಸಾಲಿನ ಕೊನೆಗೆ `*` ಗುರುತಿನ ನಂತರ ಬರುವ ಎರಡಂಕಿಯ ಪರೀಕ್ಷಾ ಸಂಖ್ಯೆಯನ್ನು ತಾಳೆ ನೋಡುವವರಿಗೆ ಅದು ಬಹುಮಟ್ಟಿಗೆ ಸಿಕ್ಕಿಬೀಳುತ್ತದೆ. ನೋಡದವರ ನಕ್ಷೆಯಲ್ಲಿ ವಾಹನ ಇದ್ದಕ್ಕಿದ್ದಂತೆ ಬೇರೆಲ್ಲೋ ಹಾರಿ ಮರಳಿದಂತೆ ಕಾಣಬಹುದು.

ನಮ್ಮ ಕೋಡಿನ `lost` ಇಂಥ ನಷ್ಟವನ್ನು ಎಣಿಸುತ್ತದೆ. ಅದನ್ನೂ ಹ್ಯಾಂಡ್ಲರ್ ಮಾತ್ರ ಬರೆಯುತ್ತದೆ. ಮೇನ್ ಲೂಪ್ ಅದನ್ನು ಸೊನ್ನೆ ಮಾಡಲು ಹೋಗದೆ, ಹಿಂದಿನ ಸಲ ಕಂಡ ಬೆಲೆ ಬದಲಾಗಿದೆಯೇ ಎಂದಷ್ಟೇ ನೋಡಬೇಕು. ಜೊತೆಗೆ ಪ್ರತಿ ಸುತ್ತಿನಲ್ಲೂ `(uint8_t)(head - tail)` ಲೆಕ್ಕ ಹಾಕಿ ಈವರೆಗಿನ ಗರಿಷ್ಠವನ್ನು ನೆನಪಿಡಬೇಕು. `head` 3, `tail` 250 ಇದ್ದರೆ ಉತ್ತರ 9. ಸುತ್ತು ತಿರುಗಿದ್ದರೂ ಲೆಕ್ಕ ತಪ್ಪುವುದಿಲ್ಲ. ದಿನವಿಡೀ ಓಡಿದ ಮೇಲೆ ಗರಿಷ್ಠ 110 ಇದ್ದರೆ ನೆಮ್ಮದಿ, 250 ಇದ್ದರೆ ಅಪಾಯ ಹತ್ತಿರದಲ್ಲೇ ಇದೆ ಎಂದು ತಿಳಿಯಬೇಕು.

`lost` ಸೊನ್ನೆಯಿದ್ದೂ ಸಾಲುಗಳು ಕೆಡುತ್ತಿದ್ದರೆ ಅಕ್ಷರ ಬಫರನ್ನು ತಲುಪುವ ಮೊದಲೇ ಹೋಗಿರಬಹುದು. ಬಣ್ಣದ ಡಬ್ಲ್ಯುಎಸ್2812 ಎಲ್‌ಇಡಿ ಪಟ್ಟಿಗಳಿಗೆ ಸಂಕೇತ ಕಳಿಸುವ ಕೋಡ್ ಸಾಮಾನ್ಯವಾಗಿ ಅಷ್ಟು ಹೊತ್ತೂ ಇಂಟರಪ್ಟ್ ನಿಲ್ಲಿಸಿಡುತ್ತದೆ. ಒಂದು ದೀಪಕ್ಕೆ ಸುಮಾರು 30 ಮೈಕ್ರೊಸೆಕೆಂಡಾದರೆ 100 ದೀಪಗಳಿಗೆ 3 ಮಿಲಿಸೆಕೆಂಡು. ನಮ್ಮ 2 ಮಿಲಿಸೆಕೆಂಡಿನ ಬಿಡುವು ಅಲ್ಲಿಗೆ ಮುಗಿಯಿತು. ಚಿಪ್ ಇದನ್ನು `UCSR0A` ರಿಜಿಸ್ಟರಿನ `DOR0` ಬಿಟ್‌ನಲ್ಲಿ ತಿಳಿಸುತ್ತದೆ. `UDR0` ಓದುವ ಮೊದಲೇ ಅದನ್ನು ನೋಡಿಕೊಳ್ಳಬೇಕು. ಈ ನಷ್ಟಕ್ಕೆ ಬಫರನ್ನು ಎಷ್ಟು ಹಿಗ್ಗಿಸಿದರೂ ಪ್ರಯೋಜನವಿಲ್ಲ. ಇಂಟರಪ್ಟ್ ನಿಲ್ಲಿಸುವ ಹೊತ್ತನ್ನೇ ಕುಗ್ಗಿಸಬೇಕು.

ಈ ಭದ್ರತೆಗೆ ಎಲ್ಲೆ ಎಲ್ಲಿ

ರಿಂಗ್ ಬಫರ್ ತಾತ್ಕಾಲಿಕ ತಡವನ್ನು ತಾಳಿಕೊಳ್ಳುತ್ತದೆ, ಶಾಶ್ವತ ನಿಧಾನವನ್ನಲ್ಲ. ಜಿಪಿಎಸ್ ತನ್ನ ಸಾಲುಗಳನ್ನು ಒಟ್ಟಿಗೆ ಕಳಿಸಿ, ಸೆಕೆಂಡಿನ ಉಳಿದ ಭಾಗ ಸುಮ್ಮನಿರುತ್ತದೆ. ಮೇನ್ ಲೂಪ್ ಬಾಕಿ ತೀರಿಸಿಕೊಳ್ಳುವುದು ಆಗಲೇ. ಸರಾಸರಿಯಲ್ಲೇ ಅದು ಹಿಂದೆ ಬಿದ್ದರೆ ಎಷ್ಟು ದೊಡ್ಡ ಬಫರಾದರೂ ತುಂಬಿಯೇ ತುಂಬುತ್ತದೆ.

ಇನ್ನೊಂದು ಎಲ್ಲೆ ಇದಕ್ಕಿಂತ ಕಟ್ಟುನಿಟ್ಟು. ಇಲ್ಲಿ ಹೇಳಿದ ಭದ್ರತೆಯೆಲ್ಲ ಹಾಕುವವರೊಬ್ಬರೇ, ತೆಗೆಯುವವರೊಬ್ಬರೇ ಎಂಬ ಷರತ್ತಿನ ಮೇಲೆ ನಿಂತಿದೆ. ತಿಂಗಳುಗಳ ನಂತರ ಯಾರೋ ಮೇನ್ ಲೂಪಿನಿಂದಲೂ ಅದೇ ಬಫರಿಗೆ ಒಂದು ಸಂದೇಶ ತುರುಕಿದರೆ `head`ಗೆ ಇಬ್ಬರು ಒಡೆಯರಾಗುತ್ತಾರೆ, ಎಣಿಕೆಯ ಚೀಟಿಯಲ್ಲಿ ಕಂಡ ರೋಗವೇ ಮರಳಿ ಬರುತ್ತದೆ. ಹಾಗೆ ಬೇಕಾದಾಗ ಎರಡನೆಯವರಿಗೆ ಬೇರೆಯದೇ ಬಫರ್ ಕೊಡುವುದು ಲೇಸು. 32 ಬಿಟ್ ಚಿಪ್‌ಗಳಿಗೆ ಹೋದರೆ ಎರಡು ತುಂಡಿನ ಓದಿನ ಕಾಟ ತಪ್ಪುತ್ತದೆ, ಆದರೆ ಇಬ್ಬರು ಬರೆಯುವ ಎಣಿಕೆ ಅಲ್ಲೂ ತಪ್ಪುತ್ತದೆ. ಆರ್‌ಪಿ2040ರಂತೆ ಎರಡು ಕೋರ್ ಇರುವ ಚಿಪ್‌ನಲ್ಲಿ ಒಂದು ಕೋರ್ ಹಾಕಿ ಇನ್ನೊಂದು ತೆಗೆಯುವುದಾದರೆ ಕಂಪೈಲರಿನ ಕ್ರಮವಷ್ಟೇ ಸಾಲದು. ಮೆಮೊರಿಗೆ ಬರವಣಿಗೆ ತಲುಪುವ ಕ್ರಮವನ್ನೂ ಅದಕ್ಕೆಂದೇ ಇರುವ ಸೂಚನೆಯಿಂದ ಬಿಗಿ ಮಾಡಬೇಕು.

ಆದ್ದರಿಂದ ಇಂಥ ಬಫರನ್ನು ಬರೆಯುವವರು `head` ಘೋಷಿಸುವ ಸಾಲಿನ ಪಕ್ಕದಲ್ಲೇ ಅದಕ್ಕೆ ಬರೆಯುವವರು ಯಾರು ಎಂಬುದನ್ನೂ, `tail` ಪಕ್ಕದಲ್ಲಿ ಅದರ ಒಡೆಯರು ಯಾರು ಎಂಬುದನ್ನೂ ಟಿಪ್ಪಣಿಯಾಗಿ ಬರೆದಿಡಬೇಕು. ಪರೀಕ್ಷಿಸುವಾಗ ಎರಡನ್ನೂ 0ಯಿಂದ ಶುರು ಮಾಡದೆ 250ರಿಂದ ಶುರು ಮಾಡಿದರೆ ಸುತ್ತು ತಿರುಗುವ ಜಾಗದ ತಪ್ಪುಗಳು ಮೊದಲ ಕೆಲವೇ ಅಕ್ಷರಗಳಲ್ಲಿ ಹೊರಬೀಳುತ್ತವೆ. ಕಾರ್ಡಿನ ಜಾಗದಲ್ಲಿ 250 ಮಿಲಿಸೆಕೆಂಡು ಸುಮ್ಮನೆ ಕಾಯುವ ಒಂದು ಸಾಲನ್ನು ಹಾಕಿ, ಆಗಲೂ `lost` ಅಲುಗಲಿಲ್ಲವೆಂದರೆ, ಆಮೇಲೆ ಸಾಧನವನ್ನು ವಾಹನಕ್ಕೆ ಜೋಡಿಸಬಹುದು.